ಕಾರಿನ ಮುಂಗಡದ ಬಗ್ಗೆ ದೊಡ್ಡಪ್ಪನ ಮಾತು

ಪ್ರಶಾಂತ,

ನೀನು ಕಳಿಸಿದ ಸ್ಕ್ರೀನ್‌ಶಾಟ್ ನೋಡಿದೆ. ಗೋವಾದಲ್ಲಿ ಓಡಾಡಲು ದಿನಕ್ಕೆ 1,200ಕ್ಕೆ ಬಾಡಿಗೆ ಕಾರು, ಈಗ 500 ಹಾಕಿದರೆ ಬುಕ್ಕಿಂಗ್ ಪಕ್ಕಾ ಅಂತೆ. ಆ 500 ಹಾಕಬೇಡ.

ಐನೂರು ಹೋದರೆ ಹೋಗಲಿ ಅನ್ನುತ್ತೀಯ, ಗೊತ್ತು. ಅವರಿಗೆ ಬೇಕಾಗಿರುವುದು ಐನೂರಲ್ಲ, ನೀನು ಒಮ್ಮೆ ಹಾಕುವವನೋ ಅಲ್ಲವೋ ಅಂತ ನೋಡುವುದು. ಇಲ್ಲಿ ವಾಸ್ಕೋದಲ್ಲಿ ನಮ್ಮ ಪಕ್ಕದ ಮನೆಯವರ ಅಳಿಯ ಬೆಳಗಾವಿಯಿಂದ ಹೀಗೇ 500 ಹಾಕಿದ. ಮರುದಿನ ಫೋನ್ ಬಂತು, ಡಿಪಾಸಿಟ್ 3,000 ಕಳಿಸಿ, ಕಾರು ಕೊಡುವಾಗ ವಾಪಸ್ ಕೊಡುತ್ತೇವೆ ಅಂತ. ಕಳಿಸಿದ. ಆಮೇಲೆ, "ಎರಡೂ ಒಟ್ಟಿಗೆ ಹಾಕಬೇಕಿತ್ತು ಸರ್, ಸಿಸ್ಟಂ ತಗೊಂಡಿಲ್ಲ, ಒಂದೇ ಸಲ 3,500 ಹಾಕಿ, ಹಳೇದು ತಾನಾಗಿ ವಾಪಸ್ ಬರುತ್ತೆ." ಮುಂಚಿನ ದುಡ್ಡು ಸಿಕ್ಕಲಿ ಅಂತಲೇ ಅದನ್ನೂ ಹಾಕಿದ. ಒಟ್ಟು 7,000, ಅಲ್ಲಿಗೆ ಫೋನ್ ಸ್ವಿಚ್ ಆಫ್.

ಅವನಿಗೂ ಆಧಾರ್, ಆರ್‌ಸಿ, ಕಾರಿನ ಫೋಟೊ ಎಲ್ಲ ಕಳಿಸಿದ್ದರು. ಅದೆಲ್ಲ ಯಾರದ್ದೋ ಇರಬಹುದು, ಫೋಟೊಗೆ ಏನು ಕಷ್ಟ? ನೋಡಬೇಕಾದ್ದು ಬೇರೆ. ಯುಪಿಐನಲ್ಲಿ ಪಿನ್ ಒತ್ತುವ ಮುಂಚೆ ಬ್ಯಾಂಕಿನಲ್ಲಿರುವ ಹೆಸರು ಬರುತ್ತದೆ, ಅಲ್ವಾ, ಅದನ್ನು ಓದು. ಮಾತಾಡಿದವನು ಒಬ್ಬ, ಆಧಾರ್‌ನಲ್ಲಿ ಇನ್ನೊಬ್ಬ, ದುಡ್ಡು ಹೋಗುವುದು ಮೂರನೆಯವನಿಗೆ ಅಂದರೆ ಅಲ್ಲೇ ನಿಲ್ಲಿಸು. ಮತ್ತೆ ಕಾರಿನ ನಂಬರ್ ಪ್ಲೇಟ್ ನೋಡು. ಬಾಡಿಗೆಗೆ ನಾವೇ ಓಡಿಸುವ ಗಾಡಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ನಿನಗೆ ಬಂದ ಫೋಟೊದಲ್ಲಿ ಬಿಳಿ ಪ್ಲೇಟು, ಅಂದರೆ ಸ್ವಂತ ಬಳಕೆಯ ಗಾಡಿ. ಅದನ್ನು ಬಾಡಿಗೆಗೆ ಕೊಡುವ ಹಾಗೇ ಇಲ್ಲ, ಗಾಡಿ ನಿಜವಾಗಿ ಇದ್ದರೂ ದಾರಿಯಲ್ಲಿ ಪೊಲೀಸರು ಹಿಡಿದರೆ ನಿಮಗೇ ರಗಳೆ.

ಮ್ಯಾಪ್‌ನಲ್ಲಿ ಒಳ್ಳೆ ಸ್ಟಾರ್ ಇತ್ತು ಅಂತ ಹೇಳಬೇಡ, ಸ್ಟಾರೂ ನಕಲಿ ಇರುತ್ತವೆ.

ಹಾಗಂತ ಸ್ವಂತ ಖಾತೆಗೆ ದುಡ್ಡು ಕೇಳಿದವರೆಲ್ಲ ಕಳ್ಳರಲ್ಲ. ಇಲ್ಲಿ ಎರಡು ಮೂರು ಗಾಡಿ ಇಟ್ಟುಕೊಂಡವರು ತಮ್ಮದೇ ಯುಪಿಐಗೆ ತಗೊಳ್ಳುತ್ತಾರೆ. ಆದರೆ ಗಾಡಿ ಎದುರಿಗೆ ನಿಲ್ಲಿಸಿ, ನಿನ್ನ ಲೈಸೆನ್ಸ್ ನೋಡಿ, ಕೀ ಕೊಡುವಾಗ. ನಿನ್ನವನಿಗೂ ಅದನ್ನೇ ಹೇಳಿ ನೋಡು: "ಸ್ಟೇಷನ್‌ಗೆ ಗಾಡಿ ತನ್ನಿ, ಅಲ್ಲೇ ಪೂರ್ತಿ ಕೊಡುತ್ತೇನೆ." ಇನ್ನೂ ನಾಲ್ಕು ಜನ ಕೇಳುತ್ತಿದ್ದಾರೆ, ಹತ್ತು ನಿಮಿಷದಲ್ಲಿ ಹಾಕಿ ಅಂದರೆ ಫೋನ್ ಇಟ್ಟುಬಿಡು.

ನಿನ್ನ ಗೆಳೆಯರಲ್ಲಿ ಯಾರಾದರೂ ಆಗಲೇ ಹಾಕಿದ್ದರೆ ವಾಪಸ್ ಕೇಳುತ್ತಾ ಕೂರುವುದು ಬೇಡ. ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ, ದುಡ್ಡು ಹಾಕಿದ್ದರ ಯುಟಿಆರ್ ನಂಬರ್ ಕೈಯಲ್ಲಿರಲಿ. ದುಡ್ಡು ಇನ್ನೂ ಯಾವುದಾದರೂ ಖಾತೆಯಲ್ಲಿ ಉಳಿದಿದ್ದರೆ ತಡೆಹಿಡಿಯಬಹುದು. ಎಟಿಎಂನಿಂದ ತೆಗೆದಾದ ಮೇಲೆ ಕಷ್ಟ.

ಮಡಗಾಂವ್‌ಗೆ ರೈಲು ಎಷ್ಟು ಗಂಟೆಗೆ ಬರುತ್ತದೆ ತಿಳಿಸು. ಗಾಡಿಯವರೊಬ್ಬರು ನನಗೆ ಗೊತ್ತು, ಬಾಡಿಗೆ ಸ್ವಲ್ಪ ಜಾಸ್ತಿ, ಮುಂಗಡ ಕೇಳುವುದಿಲ್ಲ.

ನಿನ್ನ ದೊಡ್ಡಪ್ಪ