ವಿಷಯ: ಜೂನ್, ಜುಲೈ ತಿಂಗಳ ಶಿಷ್ಯವೇತನ ಜಮೆಯಾಗದಿರುವ ಬಗ್ಗೆ

ಇವರಿಗೆ,
ವ್ಯವಸ್ಥಾಪಕರು, ಲೆಕ್ಕಪತ್ರ ವಿಭಾಗ,
ಮಂಗಳೂರು ಕಚೇರಿ

ದಿನಾಂಕ: ಆಗಸ್ಟ್ 18

ಮಾನ್ಯರೇ,

ಜೂನ್ ತಿಂಗಳಿನಿಂದ ತಮ್ಮ ಕಚೇರಿಯ ಸಾಫ್ಟ್‌ವೇರ್ ಪರೀಕ್ಷಾ ವಿಭಾಗದಲ್ಲಿ ಇಂಟರ್ನ್ ಆಗಿ ಕೆಲಸ ಮಾಡುತ್ತಿದ್ದೇನೆ. ತಿಂಗಳಿಗೆ 8,000 ರೂಪಾಯಿ ಶಿಷ್ಯವೇತನವನ್ನು ಮರುತಿಂಗಳ 7ರೊಳಗೆ ಬ್ಯಾಂಕ್ ಖಾತೆಗೆ ಹಾಕಲಾಗುವುದು ಎಂದು ನೇಮಕ ಪತ್ರದಲ್ಲಿದೆ. ಎರಡು ತಿಂಗಳ ಹಣ ಇನ್ನೂ ಬಂದಿಲ್ಲ. ಹಾಜರಾತಿಗೆ ಮೇಲ್ವಿಚಾರಕರು ಆಯಾ ತಿಂಗಳೇ ಸಹಿ ಹಾಕಿದ್ದಾರೆ.

ಕಳೆದ ವಾರ ವಿಚಾರಿಸಿದಾಗ, ಹಣ ಕಳುಹಿಸಿಯಾಗಿದೆ, ಬ್ಯಾಂಕಿನಲ್ಲಿ ಕೇಳಿ ಎಂಬ ಉತ್ತರ ಬಂತು. ಕಾರ್ಕಳದ ನನ್ನ ಶಾಖೆಗೆ ಹೋಗಿ ಪಾಸ್‌ಬುಕ್‌ನಲ್ಲಿ ನಮೂದು ಮಾಡಿಸಿದೆ. ತಮ್ಮ ಕಂಪನಿಯಿಂದ ಯಾವ ಜಮೆಯೂ ಇಲ್ಲ. ಯುಟಿಆರ್ ಸಂಖ್ಯೆ ತಂದರೆ ಮಾತ್ರ ಹುಡುಕಬಹುದು ಎಂದು ಅಲ್ಲಿಯವರು ಹೇಳಿದರು.

ಆಮೇಲೆ ತಮ್ಮ ವಿಭಾಗದವರು ಇಮೇಲ್‌ನಲ್ಲಿ ಕಳುಹಿಸಿದ ಪಾವತಿ ಪಟ್ಟಿಯನ್ನು ನೋಡಿದೆ. ನನ್ನ ಸಾಲಿನಲ್ಲಿ ಹೆಸರು, ಖಾತೆ ಸಂಖ್ಯೆ ಎರಡೂ ಸರಿ ಇವೆ. ಐಎಫ್‌ಎಸ್‌ಸಿ ಮಾತ್ರ SYNB ಎಂದು ಆರಂಭವಾಗುತ್ತದೆ. ನನ್ನ ಶಾಖೆ ಹಿಂದೆ ಸಿಂಡಿಕೇಟ್ ಬ್ಯಾಂಕಿನದು. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹಳೆಯ ಸಂಕೇತಗಳು 2021ರ ಜುಲೈಯಿಂದ ಚಾಲ್ತಿಯಲ್ಲಿಲ್ಲ, ಈಗಿನವು CNRB ಎಂದು ಆರಂಭವಾಗುತ್ತವೆ. ಸೇರುವಾಗ ತುಂಬಿದ ಅರ್ಜಿಯಲ್ಲಿ ನಾನು ಹೊಸ ಸಂಕೇತವನ್ನೇ ಬರೆದಿದ್ದೇನೆ. ಹಳೆಯದು ಕಾಲೇಜಿನಿಂದ ಬಂದ ವಿದ್ಯಾರ್ಥಿಗಳ ಪಟ್ಟಿಯಿಂದ ಸೇರಿಕೊಂಡಿರಬಹುದು ಎಂದು ನನ್ನ ಊಹೆ.

ರದ್ದಾದ ಸಂಕೇತಕ್ಕೆ ಕಳುಹಿಸಿದ ಹಣ ನನ್ನ ಖಾತೆಯವರೆಗೆ ಬರುವಂತಿಲ್ಲ. ತಮ್ಮ ಬ್ಯಾಂಕು ಆ ಸಾಲನ್ನು ಆರಂಭದಲ್ಲೇ ತಿರಸ್ಕರಿಸಿದ್ದರೆ ಯುಟಿಆರ್ ಸಂಖ್ಯೆಯೇ ಹುಟ್ಟಿರುವುದಿಲ್ಲ. ಹಣ ಹೊರಟು ಹಿಂತಿರುಗಿದ್ದರೆ ಕಂಪನಿಯ ಖಾತೆ ವಿವರದಲ್ಲಿ ಖರ್ಚಿನ ಬೆನ್ನಿಗೇ ಅಷ್ಟೇ ಮೊತ್ತ ಮರುಜಮೆಯಾಗಿರುತ್ತದೆ. ಪಾವತಿ ಪಟ್ಟಿಯಲ್ಲಿ ‘ಪಾವತಿಸಲಾಗಿದೆ’ ಎಂದು ಗುರುತು ಹಾಕಿದ ಮೇಲೆ ಈ ಮರುಜಮೆ ಕಣ್ಣಿಗೆ ಬೀಳದೆ ಉಳಿಯುವುದು ಸುಲಭ. ಆದ್ದರಿಂದ ದಯವಿಟ್ಟು ಜುಲೈ ಮತ್ತು ಆಗಸ್ಟ್ ಮೊದಲ ವಾರದ ಖಾತೆ ವಿವರವನ್ನು ಒಮ್ಮೆ ತೆರೆದು ನೋಡಿಸಬೇಕು. ಯುಟಿಆರ್ ಸಂಖ್ಯೆ ಸಿಕ್ಕರೆ ಅದನ್ನು ನನಗೆ ತಿಳಿಸಿ, ಮುಂದಿನ ವಿಚಾರಣೆಯನ್ನು ಶಾಖೆಯಲ್ಲಿ ನಾನೇ ಮಾಡುತ್ತೇನೆ. ಸಿಗದಿದ್ದರೆ ಅಥವಾ ಹಣ ಮರುಜಮೆಯಾಗಿದ್ದರೆ ಸಂಕೇತವನ್ನು ತಿದ್ದಿ ಎರಡೂ ತಿಂಗಳ 16,000 ರೂಪಾಯಿಯನ್ನು ಹೊಸದಾಗಿ ಕಳುಹಿಸಬೇಕೆಂದು ವಿನಂತಿ. ಇದೇ ಕಾಲೇಜಿನಿಂದ ಬಂದ ಇತರರ ಸಾಲುಗಳನ್ನೂ ಪರಿಶೀಲಿಸಿದರೆ ಒಳ್ಳೆಯದು.

ಬಿಜೈಯ ಪಿ.ಜಿ. ಬಾಡಿಗೆಯನ್ನು ಎರಡು ತಿಂಗಳಿಂದ ಅಣ್ಣನೇ ಕೊಡುತ್ತಿದ್ದಾನೆ. ಅವನಿಗೂ ಸಂಸಾರವಿದೆ, ಮತ್ತೆ ಕೇಳಲು ನನಗೆ ಮನಸ್ಸಿಲ್ಲ. ಇಲ್ಲಿ ಕೆಲಸ ಕಲಿಸುವವರು ತಾಳ್ಮೆಯಿಂದ ಕಲಿಸುತ್ತಿದ್ದಾರೆ, ಅದರ ಬಗ್ಗೆ ನನ್ನ ತಕರಾರು ಏನೂ ಇಲ್ಲ. ಈ ತಿಂಗಳ 25ರೊಳಗೆ ಹಣ ಯಾವ ಹಂತದಲ್ಲಿದೆ ಎಂದು ಲಿಖಿತವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಪಾಸ್‌ಬುಕ್‌ನ ಮೊದಲ ಪುಟ, ಜೂನ್‌ನಿಂದ ಈವರೆಗಿನ ನಮೂದುಗಳು, ಹಾಜರಾತಿ ಹಾಳೆ ಮತ್ತು ನೇಮಕ ಪತ್ರದ ಪ್ರತಿಗಳನ್ನು ಲಗತ್ತಿಸಿದ್ದೇನೆ.

ತಮ್ಮ ವಿಶ್ವಾಸಿ,
ಇಂಟರ್ನ್, ಸಾಫ್ಟ್‌ವೇರ್ ಪರೀಕ್ಷಾ ವಿಭಾಗ