ಸ್ಟ್ರೈಕ್ ಮುಟ್ಟಿದ ಮೇಲೆ ಗಂಟೆ ಹೊಡೆದು ಏನು ಪ್ರಯೋಜನ? ನಮ್ಮ ಅಲರ್ಟ್‌ಗಳು ಬದಲಾಗುತ್ತಿವೆ

ಪ್ರಿಯ ಗ್ರಾಹಕರೇ,

ನಮಸ್ಕಾರ. ಬರುವ ಸೋಮವಾರದಿಂದ ನಿಮ್ಮ ಫೋನಿಗೆ ಬರುವ ಆಪ್ಷನ್ ಅಲರ್ಟ್‌ಗಳು ಮೊದಲಿನಂತೆ ಇರುವುದಿಲ್ಲ. ಕೆಲವು ಬೇಗ ಬರುತ್ತವೆ, ಕೆಲವು ಬರುವುದೇ ಇಲ್ಲ. ಯಾಕೆ ಅಂತ ಹೇಳಲು ಈ ಪತ್ರ.

ಇಲ್ಲಿಯವರೆಗೆ ನಮ್ಮ ಲೆಕ್ಕ ಸರಳವಾಗಿತ್ತು. ನೀವು ಮಾರಿದ ಸ್ಟ್ರೈಕನ್ನು ನಿಫ್ಟಿ ಮುಟ್ಟಿತೋ, ಅಲರ್ಟ್. ನಿಮ್ಮಲ್ಲಿ ಅನೇಕರು ಎರಡು ದೂರು ಹೇಳಿದಿರಿ. ಒಂದು, ಅಷ್ಟು ಹೊತ್ತಿಗೆ ನಷ್ಟ ಆಗಿಹೋಗಿರುತ್ತದೆ. ಎರಡು, ನಿಫ್ಟಿ ಸ್ಟ್ರೈಕಿನ ಆಚೆ ಈಚೆ ಓಡಾಡುವಾಗ ಹತ್ತು ನಿಮಿಷದಲ್ಲಿ ಹನ್ನೆರಡು ಮೆಸೇಜ್ ಬಂದು, ಕೊನೆಗೆ ನೋಟಿಫಿಕೇಶನ್ನನ್ನೇ ಆಫ್ ಮಾಡಬೇಕಾಗುತ್ತದೆ. ಎರಡೂ ಸರಿಯಾದ ದೂರೇ.

ಒಂದು ಪೊಸಿಷನ್ ಇಟ್ಟುಕೊಂಡು ನೋಡೋಣ. ಬುಧವಾರ ನಿಫ್ಟಿ 25,000ದಲ್ಲಿದೆ. ಮುಂದಿನ ಮಂಗಳವಾರದ ಎಕ್ಸ್‌ಪೈರಿಗೆ ನೀವು 25,400 ಕಾಲ್ ಮತ್ತು 24,600 ಪುಟ್ ಮಾರಿದ್ದೀರಿ. ರಕ್ಷಣೆಗೆ 25,600 ಕಾಲ್, 24,400 ಪುಟ್ ಕೊಂಡಿದ್ದೀರಿ. ಐರನ್ ಕಾಂಡರ್, ಎರಡು ಲಾಟ್. ಈಗಿನ 65ರ ಲಾಟ್ ಪ್ರಕಾರ 130 ಯುನಿಟ್. ಐವಿ 11% ಅಂದುಕೊಳ್ಳಿ. ಮಾರಿದ ಕಾಲ್‌ನ ಡೆಲ್ಟಾ ಸುಮಾರು 0.13, ಪುಟ್‌ನದ್ದೂ ಅಷ್ಟೇ, ಚಿಹ್ನೆ ಮಾತ್ರ ಉಲ್ಟಾ. ಒಟ್ಟು ಡೆಲ್ಟಾ ಸೊನ್ನೆಯ ಹತ್ತಿರ. ಅಂದರೆ ಸದ್ಯಕ್ಕೆ ನಿಫ್ಟಿ ಸ್ವಲ್ಪ ಏರಿದರೂ ಇಳಿದರೂ ನಿಮಗೆ ಅಂಥಾ ವ್ಯತ್ಯಾಸ ಇಲ್ಲ.

ಗುರುವಾರ ನಿಫ್ಟಿ 25,150ಕ್ಕೆ ಏರುತ್ತದೆ. ಮಾರಿದ ಸ್ಟ್ರೈಕ್ ಇನ್ನೂ 250 ಪಾಯಿಂಟ್ ದೂರ, ಚಾರ್ಟ್ ನೋಡಿದರೆ ಏನೂ ಆಗಿಲ್ಲ ಅನಿಸುತ್ತದೆ. ಆದರೆ ಕಾಲ್‌ನ ಡೆಲ್ಟಾ 0.22 ಆಗಿದೆ, ಪುಟ್‌ನ ಡೆಲ್ಟಾ ಕರಗಿದೆ. ನಾಲ್ಕೂ ಲೆಗ್ ಕೂಡಿಸಿ 130ರಿಂದ ಗುಣಿಸಿದರೆ ಸುಮಾರು ಮೈನಸ್ 13 ಬರುತ್ತದೆ. ಬುಧವಾರ ಯಾವ ಕಡೆಗೂ ವಾಲದೆ ಶುರುವಾದ ಪೊಸಿಷನ್ ಈಗ ನಿಫ್ಟಿ ಇಳಿಯಲಿ ಅಂತ ಕಾಯುತ್ತಿದೆ. ನಿಮಗೆ ಗೊತ್ತಿಲ್ಲದೆಯೇ! ನಮ್ಮ ಹೊಸ ಡ್ರಿಫ್ಟ್ ಅಲರ್ಟ್ ಬರುವುದು ಇಲ್ಲಿ. ಒಟ್ಟು ಡೆಲ್ಟಾ ನಿಮ್ಮ ಯುನಿಟ್‌ಗಳ ಹತ್ತನೇ ಒಂದು ಭಾಗ ದಾಟಿದಾಗ ತಿಳಿಸುತ್ತದೆ. ಈ ಮಿತಿಯನ್ನು ಸೆಟ್ಟಿಂಗ್ಸ್‌ನಲ್ಲಿ ನೀವೇ ಬದಲಿಸಿಕೊಳ್ಳಬಹುದು.

ಅದೇ ದಿನ ನಿಫ್ಟಿ 25,230 ತಲುಪಿದರೆ ಕಾಲ್‌ನ ಡೆಲ್ಟಾ 0.30 ಮುಟ್ಟುತ್ತದೆ. ಆಗ ಎರಡನೆಯ ಅಲರ್ಟ್: ಈ ಸ್ಟ್ರೈಕ್ ಪರೀಕ್ಷೆಗೆ ಸಿಕ್ಕಿದೆ ಅಂತ. ಹಳೆಯ ವ್ಯವಸ್ಥೆ ಇದನ್ನು 25,400ರಲ್ಲಿ ಹೇಳುತ್ತಿತ್ತು. ಈಗ 170 ಪಾಯಿಂಟ್ ಮೊದಲೇ ಗೊತ್ತಾಗುತ್ತದೆ.

ಪದೇ ಪದೇ ಗಂಟೆ ಹೊಡೆಯುವ ಸಮಸ್ಯೆಗೆ ಮಾಡಿದ ಮದ್ದು ನಿಮ್ಮ ಸೆಟ್ಟಿಂಗ್ಸ್‌ನಲ್ಲಿ ಹೀಗೆ ಕಾಣುತ್ತದೆ:

```
ALERT  : abs(delta) >= 0.30 for 3 min
RE-ARM : abs(delta) <= 0.25
```

ಡೆಲ್ಟಾ ಮೂರು ನಿಮಿಷ 0.30ರ ಮೇಲೆ ನಿಂತರೆ ಮಾತ್ರ ಮೆಸೇಜ್. ಒಮ್ಮೆ ಬಂದ ಮೇಲೆ, ಅದು 0.25ಕ್ಕೆ ಇಳಿಯುವವರೆಗೆ ಮತ್ತೆ ಬರುವುದಿಲ್ಲ. ನಿಫ್ಟಿ ಸ್ಟ್ರೈಕನ್ನೇ ಮುಟ್ಟಿದರೆ ಮಾತ್ರ ಈ ಮೂರು ನಿಮಿಷದ ಕಾಯುವಿಕೆ ಇಲ್ಲ, ತಕ್ಷಣ ತಿಳಿಸುತ್ತೇವೆ.

ಈ ಡೆಲ್ಟಾ ಎಲ್ಲಿಂದ ಬರುತ್ತದೆ ಅನ್ನುವುದೂ ಮುಖ್ಯ. ಮೊದಲು ಕೊನೆಯ ವ್ಯವಹಾರದ ಬೆಲೆಯಿಂದ ಐವಿ ಲೆಕ್ಕ ಹಾಕುತ್ತಿದ್ದೆವು. ದೂರದ ಸ್ಟ್ರೈಕ್‌ಗಳಲ್ಲಿ ಆ ಬೆಲೆ ಎಷ್ಟೋ ನಿಮಿಷ ಹಳೆಯದಾಗಿರುತ್ತದೆ. ಈಗ ಬಿಡ್ ಮತ್ತು ಆಸ್ಕ್‌ನ ನಡುವಿನ ಬೆಲೆ ಹಿಡಿಯುತ್ತೇವೆ. ಅವೆರಡರ ನಡುವೆ ಅಂತರ ತೀರಾ ಜಾಸ್ತಿ ಇದ್ದರೆ ಆ ನಿಮಿಷದ ಲೆಕ್ಕವನ್ನೇ ಬಿಟ್ಟುಬಿಡುತ್ತೇವೆ. ತಪ್ಪು ಡೆಲ್ಟಾ ತೋರಿಸುವುದಕ್ಕಿಂತ ಅದೇ ವಾಸಿ.

ಇನ್ನು ಎಕ್ಸ್‌ಪೈರಿ. ನಮಗೆ ಜಾಸ್ತಿ ಪಾಠ ಕಲಿಸಿದ್ದು ಇದೇ. ನಮ್ಮ ಹಳೆಯ ಕೋಡ್ ಉಳಿದ ಸಮಯವನ್ನು ದಿನಗಳಲ್ಲಿ ಎಣಿಸುತ್ತಿತ್ತು. ಎಕ್ಸ್‌ಪೈರಿ ದಿನ ಬೆಳಗ್ಗೆ ಉಳಿದ ದಿನ ಸೊನ್ನೆ! ಸಮಯ ಸೊನ್ನೆ ಆದರೆ ಡೆಲ್ಟಾಗೆ ನಡುವಿನ ಮೌಲ್ಯ ಇರುವುದಿಲ್ಲ, ಒಂದೋ 0, ಇಲ್ಲವೇ 1. ಪರೀಕ್ಷೆಯ ವೇಳೆ ಒಂದು ಮಂಗಳವಾರ ಇಡೀ ಮಧ್ಯಾಹ್ನ ಅಲರ್ಟ್ ಸುಮ್ಮನಿತ್ತು. ಸ್ಟ್ರೈಕ್ ದಾಟಿದ ಕ್ಷಣ ಬಡಕೊಂಡಿತು. ತಪ್ಪು ನಮ್ಮದೇ. ಈಗ ಮಧ್ಯಾಹ್ನ 3:30ರವರೆಗಿನ ನಿಮಿಷಗಳನ್ನು ಎಣಿಸುತ್ತೇವೆ.

ನಿಮಿಷ ಎಣಿಸಿದರೂ ಆ ದಿನ 0.30ರ ಮಿತಿ ಸಾಲುವುದಿಲ್ಲ. ಮಂಗಳವಾರ 2 ಗಂಟೆಗೆ ನಿಫ್ಟಿ 25,340ರಲ್ಲಿದೆ ಅಂದುಕೊಳ್ಳಿ. 25,400 ಕಾಲ್‌ನ ಡೆಲ್ಟಾ ಸುಮಾರು 0.24 ಅಷ್ಟೇ. ಮಿತಿಗಿಂತ ಕಡಿಮೆ, ಹಾಗಾಗಿ ಮೆಸೇಜ್ ಇಲ್ಲ. ಆದರೆ ಇನ್ನು 60 ಪಾಯಿಂಟ್ ಏರಿದರೆ ಅದು ನೇರ 0.50ರ ಆಸುಪಾಸಿಗೆ ಹೋಗುತ್ತದೆ. ಅದೇ 11% ಐವಿ ಪ್ರಕಾರ ಉಳಿದ ಒಂದೂವರೆ ಗಂಟೆಯಲ್ಲಿ ನಿಫ್ಟಿ ಸುಮಾರು 86 ಪಾಯಿಂಟ್ ಅಲುಗುವುದು ಸಹಜ. ಆದ್ದರಿಂದ ಎಕ್ಸ್‌ಪೈರಿ ದಿನ ಅಳತೆಗೋಲು ಬದಲು: ಸ್ಟ್ರೈಕಿಗೆ ಉಳಿದ ದೂರ, ಉಳಿದ ಸಮಯದ ಸಹಜ ಅಲುಗಾಟಕ್ಕಿಂತ ಕಡಿಮೆ ಆದರೆ ಅಲರ್ಟ್. ಲೆಕ್ಕ ಬಲ್ಲವರು ಇದು ಡೆಲ್ಟಾ ಮಿತಿಯನ್ನು 0.16ಕ್ಕೆ ಇಳಿಸಿದಂತೆಯೇ ಅಲ್ವಾ ಅನ್ನಬಹುದು. ಹೌದು. ಆದರೆ ಗಡಿಬಿಡಿಯಲ್ಲಿ ಇರುವವರಿಗೆ "60 ಪಾಯಿಂಟ್ ದೂರ, 86 ಅಲುಗಬಹುದು" ಅನ್ನುವುದು ಬೇಗ ಅರ್ಥವಾಗುತ್ತದೆ.

ಎಕ್ಸ್‌ಪೈರಿ ಹತ್ತಿರ ಬಂತು ಅನ್ನುವ ನೆನಪು ಎರಡು ಟ್ರೇಡಿಂಗ್ ದಿನ ಮೊದಲೇ ಬರುತ್ತದೆ. ದಿನಾಂಕವನ್ನು ವಾರದ ಹೆಸರಿನಿಂದ ಊಹಿಸುವುದನ್ನು ಬಿಟ್ಟಿದ್ದೇವೆ. 2025ರ ಸೆಪ್ಟೆಂಬರ್‌ನಲ್ಲಿ ನಿಫ್ಟಿ ಎಕ್ಸ್‌ಪೈರಿ ಗುರುವಾರದಿಂದ ಮಂಗಳವಾರಕ್ಕೆ ಬಂತು. ಮಂಗಳವಾರ ರಜೆ ಇದ್ದರೆ ಅದಕ್ಕೂ ಹಿಂದಿನ ಟ್ರೇಡಿಂಗ್ ದಿನಕ್ಕೆ ಹೋಗುತ್ತದೆ. ಹಾಗಾಗಿ ಪ್ರತಿದಿನ ಬೆಳಗ್ಗೆ ಎಕ್ಸ್‌ಚೇಂಜ್‌ನ ಕಾಂಟ್ರಾಕ್ಟ್ ಪಟ್ಟಿಯಿಂದಲೇ ದಿನಾಂಕ ಓದುತ್ತೇವೆ.

ಆ ನೆನಪಿನ ಜೊತೆ ಒಂದು ಮಾರ್ಜಿನ್ ಲೆಕ್ಕವೂ ಇರುತ್ತದೆ. 2024ರ ನವೆಂಬರ್‌ನಿಂದ, ಮಾರಿದ ಇಂಡೆಕ್ಸ್ ಆಪ್ಷನ್‌ಗಳಿಗೆ ಎಕ್ಸ್‌ಪೈರಿ ದಿನ 2% ಹೆಚ್ಚುವರಿ ಮಾರ್ಜಿನ್ ಬೇಕು. 25,000ದ ನಿಫ್ಟಿಯಲ್ಲಿ ಒಂದು ಲಾಟ್‌ಗೆ ಸುಮಾರು ₹32,500. ಬೆಳಗ್ಗೆ ಹಣ ಸಾಲದೆ ಪರದಾಡುವ ಬದಲು ಎರಡು ದಿನ ಮೊದಲೇ ಗೊತ್ತಿದ್ದರೆ ಒಳ್ಳೆಯದು. ಶೇರುಗಳ ಆಪ್ಷನ್ ಮಾರಿದವರಿಗೆ ಈ ನೆನಪು ನಾಲ್ಕು ದಿನ ಮೊದಲೇ ಬರುತ್ತದೆ, ಯಾಕೆಂದರೆ ಅಲ್ಲಿ ಕೊನೆಗೆ ಶೇರನ್ನೇ ಕೊಡಬೇಕು ಅಥವಾ ಕೊಳ್ಳಬೇಕು.

ಇದರಿಂದ ಆಗದ ಕೆಲಸಗಳನ್ನೂ ಹೇಳಿಬಿಡುತ್ತೇವೆ. ರಾತ್ರಿ ಏನೋ ಆಗಿ ಬೆಳಗ್ಗೆ ನಿಫ್ಟಿ 300 ಪಾಯಿಂಟ್ ಗ್ಯಾಪ್‌ನಲ್ಲಿ ತೆರೆದರೆ ಯಾವ ಅಲರ್ಟೂ ಮೊದಲೇ ಬರಲಾರದು. ಬ್ರೋಕರ್ ಲಾಗಿನ್ ಪ್ರತಿದಿನ ಹೊಸದಾಗಿ ಆಗಬೇಕು. ಅದು ಆಗದಿದ್ದರೆ ನಿಮ್ಮ ಪೊಸಿಷನ್ ನಮಗೆ ಕಾಣುವುದೇ ಇಲ್ಲ. ಅದಕ್ಕೇ ಇನ್ನು ಮುಂದೆ ದಿನಾ ಬೆಳಗ್ಗೆ 9:20ಕ್ಕೆ "4 ಲೆಗ್ ಕಾಯುತ್ತಿದ್ದೇವೆ" ಎಂಬಂಥ ಒಂದು ಸಾಲು ಬರುತ್ತದೆ. ಅದು ಬರಲಿಲ್ಲ ಅಂದರೆ, ಅಥವಾ ಲೆಗ್‌ಗಳ ಸಂಖ್ಯೆ ತಪ್ಪಿದ್ದರೆ, ಆ ದಿನ ನಮ್ಮನ್ನು ನಂಬಿ ಕೂರಬೇಡಿ. ಮೊದಲು ಲಾಗಿನ್ ನೋಡಿ, ಆಮೇಲೆ ನಮಗೆ ಫೋನ್ ಮಾಡಿ.

ಅಲರ್ಟ್ ಬಂದಾಗ ರೋಲ್ ಮಾಡಬೇಕೋ, ಸ್ಕ್ವೇರ್ ಆಫ್ ಮಾಡಬೇಕೋ ಅಂತ ನಾವು ಹೇಳುವುದಿಲ್ಲ. ಅದು ಸೆಬಿ ನೋಂದಣಿ ಇರುವ ಸಲಹೆಗಾರರ ಕೆಲಸ, ನಮಗೆ ಆ ನೋಂದಣಿ ಇಲ್ಲ. ಹಳೆಯ ಸ್ಟ್ರೈಕ್ ಮುಟ್ಟುವ ಅಲರ್ಟೇ ಸಾಕು ಅನ್ನುವವರು ಸೆಟ್ಟಿಂಗ್ಸ್‌ನಲ್ಲಿ ಉಳಿದೆರಡನ್ನು ಆಫ್ ಮಾಡಿಕೊಳ್ಳಬಹುದು. ದರದಲ್ಲಿ ಬದಲಾವಣೆ ಇಲ್ಲ.

ಇಂತಿ,
ನಿಮ್ಮ ಅಲರ್ಟ್ ತಂಡ