ಸ್ಲಾಟ್ ಬದಲಿಸೋದಿದ್ರೆ ಇನ್ನು ಮೇಲೆ 48 ಗಂಟೆ ಮೊದಲೇ ಹೇಳಿ

ನಮಸ್ಕಾರ,

ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಪರೀಕ್ಷೆಯ ಸ್ಲಾಟ್ ನಮ್ಮ ಕೈಯಲ್ಲಿ ಮುಂದೂಡಿಸಬೇಕು ಅಥವಾ ಕ್ಯಾನ್ಸಲ್ ಮಾಡಿಸಬೇಕು ಅಂದರೆ 48 ಗಂಟೆ ಮೊದಲೇ ನಮಗೆ ಮೆಸೇಜ್ ಮಾಡಬೇಕು. ಪಿಎಂಪಿ ಬರೆಯುವವರು 72 ಗಂಟೆ ಮೊದಲು. ಇಷ್ಟು ದಿನ ಕೊನೇ ಗಳಿಗೆಯಲ್ಲಿ ಫೋನ್ ಮಾಡಿದರೂ "ಆಯ್ತು, ನೋಡೋಣ" ಅನ್ನುತ್ತಿದ್ದೆವು. ಹಾಗೆ ಅಂದಿದ್ದೇ ತಪ್ಪಾಯಿತು, ಕ್ಷಮಿಸಿ.

"ಪರೀಕ್ಷೆ ಬರೆದೇ ಇಲ್ಲ, ದುಡ್ಡು ಮಾತ್ರ ನುಂಗಿದಿರಿ" ಅನ್ನೋ ಮಾತು ಈ ವರ್ಷ ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಆ ಶುಲ್ಕ ನಮ್ಮ ಹತ್ತಿರ ಇರೋದೇ ಇಲ್ಲ. ಬುಕ್ ಮಾಡಿದ ಕ್ಷಣವೇ ಅದು ಪರೀಕ್ಷೆ ನಡೆಸುವವರಿಗೆ ಹೋಗುತ್ತದೆ, ನಮಗೆ ಉಳಿಯೋದು ಬುಕಿಂಗ್ ಚಾರ್ಜ್ ಅಷ್ಟೇ. ಎಡಬ್ಲ್ಯುಎಸ್ ಪರೀಕ್ಷೆಯಲ್ಲಿ 24 ಗಂಟೆ ಮೊದಲಿನವರೆಗೆ ಬದಲಾಯಿಸಬಹುದು, ಅದೂ ಎರಡೇ ಸಲ. ಆ ಗಡುವು ದಾಟಿದರೆ ಸ್ಕ್ರೀನಿನಲ್ಲಿ ದಾರಿಯೇ ಇರೋದಿಲ್ಲ. ಪಿಎಂಪಿಯಲ್ಲಿ ಗಡುವು 48 ಗಂಟೆ. ಅದಕ್ಕೂ ಮೊದಲು, ಪರೀಕ್ಷೆಗೆ 30 ದಿನದ ಒಳಗಿರುವಾಗ ಬದಲಾಯಿಸಿದರೆ ಅದಕ್ಕೇ ಬೇರೆ ಶುಲ್ಕ.

ಹೋದ ತಿಂಗಳು ಆಗಿದ್ದು ಕೇಳಿ. ಒಬ್ಬರದು ಸೋಮವಾರ ಬೆಳಿಗ್ಗೆ 9ಕ್ಕೆ ಎಡಬ್ಲ್ಯುಎಸ್ ಪರೀಕ್ಷೆ. ಜ್ವರ ಅಂತ ಶನಿವಾರ ರಾತ್ರಿ 11:40ಕ್ಕೆ ಮೆಸೇಜ್ ಹಾಕಿದ್ದಾರೆ. ಅವರ ಲೆಕ್ಕದಲ್ಲಿ ಇನ್ನೂ ಒಂದು ದಿನಕ್ಕಿಂತ ಜಾಸ್ತಿ ಇದೆ, ಅದು ಸರಿಯೇ. ಆದರೆ ಗಡುವು ಮುಗಿಯೋದು ಭಾನುವಾರ ಬೆಳಿಗ್ಗೆ 9ಕ್ಕೆ, ನಾವು ಫೋನ್ ನೋಡಿದ್ದು ಹತ್ತೂವರೆಗೆ. ಪೂರ್ತಿ ಶುಲ್ಕ ಹೋಯಿತು. ಅರ್ಧ ನಾವು ಕೊಟ್ಟೆವು, ಆದರೂ ಬೈಸಿಕೊಂಡಿದ್ದು ಪೂರ್ತಿ. ಬೈದಿದ್ದಕ್ಕೆ ಬೇಜಾರಿಲ್ಲ ಅಂದರೆ ಸುಳ್ಳಾಗುತ್ತದೆ.

ಇನ್ನೊಂದು ಬದಲಾವಣೆ: ಸ್ಲಾಟ್ ನಿಮ್ಮದೇ ಖಾತೆಯಲ್ಲಿ, ನಿಮ್ಮದೇ ಕಾರ್ಡಿನಿಂದ ಬುಕ್ ಆಗುತ್ತದೆ. ನಾವು ಪಕ್ಕದಲ್ಲಿ ಕೂತು ಮಾಡಿಸುತ್ತೇವೆ. ಮೊದಲು ನಮ್ಮ ಕಾರ್ಡ್ ಹಾಕುತ್ತಿದ್ದೆವು, ಹಾಗಾಗಿ ಕ್ಯಾನ್ಸಲ್ ಆದ ದುಡ್ಡು ಮೊದಲು ನಮಗೆ ಬಂದು, ಆಮೇಲೆ ನಿಮಗೆ ಸೇರುತ್ತಿತ್ತು. ಬ್ಯಾಂಕಿನವರು ತಗೊಂಡ ದಿನಗಳನ್ನೂ ನಮ್ಮ ತಲೆಗೇ ಕಟ್ಟಿದಿರಿ. ಈಗ ನಡುರಾತ್ರಿ ಜ್ವರ ಬಂದರೂ, ಪರೀಕ್ಷೆ ನಡೆಸುವವರ ಗಡುವು ದಾಟಿಲ್ಲದಿದ್ದರೆ ನೀವೇ ಬದಲಾಯಿಸಿಕೊಳ್ಳಬಹುದು, ನಮ್ಮನ್ನು ಎಬ್ಬಿಸಬೇಕಿಲ್ಲ.

ವೋಚರ್ ಇದ್ದವರು ಒಂದು ವಿಷಯ ಗಮನಿಸಿ. ಕ್ಯಾನ್ಸಲ್ ಮಾಡಿದರೆ ವೋಚರ್ ವಾಪಸ್ ಬರಬಹುದು, ಆದರೆ ಅದರ ಕೊನೇ ದಿನ ಮುಂದೆ ಹೋಗೋದಿಲ್ಲ. 15ಕ್ಕೆ ಮುಗಿಯುವ ವೋಚರಿನಲ್ಲಿ 12ರ ಪರೀಕ್ಷೆಯನ್ನು 20ಕ್ಕೆ ಹಾಕಲು ಆಗಲ್ಲ.

ನೀವು 48 ಗಂಟೆ, ಪಿಎಂಪಿಗೆ 72 ಗಂಟೆ ಮೊದಲೇ ಹೇಳಿದ್ದೂ ನಮ್ಮ ಕೈಯಿಂದಲೇ ತಪ್ಪಿದರೆ ಮರು ಪರೀಕ್ಷೆಯ ಪೂರ್ತಿ ಶುಲ್ಕ ನಮ್ಮದು, ವಾದವೇ ಇಲ್ಲ. ಮೆಸೇಜಿನಲ್ಲಿ ಪರೀಕ್ಷೆಯ ಹೆಸರು, ತಾರೀಕು, ಸಮಯ ಮೂರೂ ಬರೆಯಿರಿ. ನಾವು "ಆಯ್ತು" ಅಂತ ಉತ್ತರ ಕೊಡುವ ತನಕ ಬದಲಾಗಿದೆ ಅಂದುಕೊಳ್ಳಬೇಡಿ.

ಇಂತಿ,
ಬುಕಿಂಗ್ ಮೇಜಿನಲ್ಲಿ ಕೂರುವ ನಾವಿಬ್ಬರು